ಸೋಲಾರ್‌ಗೆ ಹಾಕಿದ ದುಡ್ಡು ಯಾವಾಗ ವಾಪಸ್? ಆ್ಯಪ್ ಮತ್ತು ಬಿಲ್ ಮುಂದಿಟ್ಟುಕೊಂಡು ಒಂದು ಲೆಕ್ಕ

ಎಲ್ಲರಿಗೂ ನಮಸ್ಕಾರ. ಸೋಲಾರ್ ಹಾಕಿಸಬೇಕೋ ಬೇಡವೋ ಎನ್ನುವುದು ಇವತ್ತಿನ ವಿಷಯವಲ್ಲ. ಈಗಾಗಲೇ ತಾರಸಿ ಮೇಲೆ ಪ್ಯಾನೆಲ್ ಕೂರಿಸಿ ಮೂರ್ನಾಲ್ಕು ತಿಂಗಳಾಗಿದೆ, ಮೊಬೈಲ್‌ನಲ್ಲಿ ಇನ್ವರ್ಟರ್ ಆ್ಯಪ್‌ನ ಒಂದಷ್ಟು ಸ್ಕ್ರೀನ್‌ಶಾಟ್ ಇವೆ, ಕೈಯಲ್ಲಿ ಬೆಸ್ಕಾಂ ಬಿಲ್ ಇದೆ ಎಂದುಕೊಳ್ಳಿ. ಇಷ್ಟರಿಂದಲೇ ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸಾಗುತ್ತದೆ ಎಂದು ಅಂದಾಜು ಮಾಡಬಹುದು. ಆದರೆ ಆ್ಯಪ್‌ನಲ್ಲೇ ಕಾಣುವ `Revenue` ಅಥವಾ ಉಳಿತಾಯದ ಅಂಕಿಯನ್ನು ನಂಬಿದರೆ ಉತ್ತರ ತಪ್ಪುತ್ತದೆ, ಅದೂ ವರ್ಷಗಟ್ಟಲೆ ತಪ್ಪುತ್ತದೆ.

ಕಾರಣ ಸರಳ. ಇನ್ವರ್ಟರ್‌ಗೆ ಗೊತ್ತಿರುವುದು ತಾನು ಎಷ್ಟು ಯುನಿಟ್ ಉತ್ಪಾದಿಸಿದೆ ಎಂಬುದಷ್ಟೇ. ಅದರಲ್ಲಿ ಮನೆಯೊಳಗೆ ಖರ್ಚಾದದ್ದೆಷ್ಟು, ಬೀದಿಯ ಲೈನಿಗೆ ಹೋದದ್ದೆಷ್ಟು ಎನ್ನುವುದು ಅದಕ್ಕೆ ಗೊತ್ತಿಲ್ಲ, ಪ್ರತ್ಯೇಕ ಸ್ಮಾರ್ಟ್ ಮೀಟರ್ ಜೋಡಿಸಿದ್ದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಆ್ಯಪ್ ಒಟ್ಟು ಉತ್ಪಾದನೆಯನ್ನು ಒಂದೇ ದರದಿಂದ ಗುಣಿಸಿ ತೋರಿಸುತ್ತದೆ. ಆ ದರವನ್ನು ಹಾಕಿದವರು ಯಾರು? ಅನೇಕ ಕಡೆ ಪ್ಯಾನೆಲ್ ಕೂರಿಸಲು ಬಂದ ಹುಡುಗರು ಖಾತೆ ತೆರೆಯುವಾಗ ಎಂಟು ರೂಪಾಯಿ ಅಂತಲೋ ಹತ್ತು ರೂಪಾಯಿ ಅಂತಲೋ ಒತ್ತಿ ಹೋಗಿರುತ್ತಾರೆ. ನಿಮ್ಮ ಬಿಲ್‌ಗೂ ಅದಕ್ಕೂ ಸಂಬಂಧವಿರುವುದಿಲ್ಲ.

ನಾವು ಹುಡುಕುತ್ತಿರುವ ಉತ್ತರ ಒಂದೇ: ಸೋಲಾರ್ ಇಲ್ಲದಿದ್ದರೆ ಈ ತಿಂಗಳು ಬರುತ್ತಿದ್ದ ಬಿಲ್ ಎಷ್ಟು, ಈಗ ಬಂದಿರುವ ಬಿಲ್ ಎಷ್ಟು. ಇವೆರಡರ ವ್ಯತ್ಯಾಸವೇ ಆ ತಿಂಗಳ ಉಳಿತಾಯ. ಕಳೆದ ವರ್ಷದ ಇದೇ ತಿಂಗಳ ಬಿಲ್ ತೆಗೆದು ಹೋಲಿಸಿದರೆ ಸಾಕಲ್ಲ ಎನ್ನಬಹುದು. ಸಾಲದು. ಸೋಲಾರ್ ಬಂದ ಮೇಲೆ ಮನೆಗೆ ಎಸಿ ಬಂದಿರುತ್ತದೆ, ಎಲೆಕ್ಟ್ರಿಕ್ ಸ್ಕೂಟರ್ ಬಂದಿರುತ್ತದೆ, ಗ್ಯಾಸ್ ಬದಲು ಇಂಡಕ್ಷನ್ ಒಲೆ ಉರಿಯುತ್ತಿರುತ್ತದೆ. ಇಲ್ಲದೇ ಹೋದ ಬಿಲ್ಲನ್ನು ಈ ತಿಂಗಳ ಬಳಕೆಯಿಂದಲೇ ಹೊಸದಾಗಿ ಕಟ್ಟಬೇಕು.

ಮೊದಲು ಸ್ಕ್ರೀನ್‌ಶಾಟ್ ವಿಷಯ. ಹೆಚ್ಚಿನವರು ಇಟ್ಟುಕೊಂಡಿರುವುದು ದಿನದ ಚಿತ್ರ, ಅಂದರೆ ಬೆಳಿಗ್ಗೆ ಏರಿ ಸಂಜೆ ಇಳಿಯುವ ಗೆರೆ ಮತ್ತು ಅದರ ಮೇಲೆ ಇಂದಿನ ಉತ್ಪಾದನೆ. ಅದನ್ನು ಸಂಜೆ ಐದಕ್ಕೆ ತೆಗೆದಿದ್ದರೆ ಆ ದಿನದ ಕೊನೆಯ ಒಂದಿಷ್ಟು ಯುನಿಟ್ ಅದರಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ವೈಫೈ. ಇನ್ವರ್ಟರ್‌ನ ಕೆಳಗೆ ಸಿಕ್ಕಿಸಿರುವ ಪುಟ್ಟ ವೈಫೈ ಡಾಂಗಲ್ ರೂಟರ್‌ನ ಸಿಗ್ನಲ್ ಕಳೆದುಕೊಂಡರೆ ಆ ದಿನದ ಕಂಬ ಸೊನ್ನೆಯಾಗಿ ಕಾಣುತ್ತದೆ. ಪ್ಯಾನೆಲ್ ಕೆಲಸ ಮಾಡಿರುತ್ತದೆ, ಲೆಕ್ಕ ಆ್ಯಪ್‌ಗೆ ತಲುಪಿರುವುದಿಲ್ಲ. ಕೆಲವು ಡಾಂಗಲ್‌ಗಳು ಸಂಪರ್ಕ ಬಂದ ಮೇಲೆ ಹಳೆಯದನ್ನು ತುಂಬುತ್ತವೆ, ಕೆಲವು ತುಂಬುವುದೇ ಇಲ್ಲ.

ಆದ್ದರಿಂದ ದಿನದ ಅಂಕಿಗಳನ್ನು ಕೂಡಿಸುತ್ತಾ ಕೂರಬೇಡಿ. ಪ್ರತಿ ಆ್ಯಪ್‌ನಲ್ಲೂ ಶುರುವಿನಿಂದ ಇಂದಿನವರೆಗಿನ ಒಟ್ಟು ಉತ್ಪಾದನೆ ಇರುತ್ತದೆ. ಒಂದರಲ್ಲಿ `E-Total`, ಇನ್ನೊಂದರಲ್ಲಿ `Total Yield`, ಮತ್ತೊಂದರಲ್ಲಿ `Lifetime` ಎಂದಿರಬಹುದು. ಇದನ್ನು ಇನ್ವರ್ಟರ್ ತನ್ನೊಳಗೇ ಎಣಿಸಿಟ್ಟುಕೊಳ್ಳುವುದರಿಂದ ನಡುವೆ ವೈಫೈ ಹೋದರೂ ಮುಂದೆ ಸಂಪರ್ಕ ಬಂದಾಗ ಅಂಕಿ ಸರಿಯಾದ ಜಾಗಕ್ಕೆ ಜಿಗಿಯುತ್ತದೆ. ಮೀಟರ್ ರೀಡರ್ ಬಂದು ಬಿಲ್ ಕೊಟ್ಟುಹೋದ ದಿನ ಈ ಒಟ್ಟು ಅಂಕಿಯ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅಷ್ಟೇ ಕೆಲಸ, ತಿಂಗಳಿಗೆ ಒಂದು. ಆ್ಯಪ್‌ನ ತಿಂಗಳು ಒಂದನೇ ತಾರೀಖಿಗೆ ಶುರುವಾಗುತ್ತದೆ, ಬಿಲ್‌ನ ತಿಂಗಳು ರೀಡಿಂಗ್ ತೆಗೆದ ದಿನಕ್ಕೆ. ಎರಡನ್ನೂ ಬೆರೆಸಿದರೆ ನಾಲ್ಕೈದು ದಿನದ ಉತ್ಪಾದನೆ ಅತ್ತಿತ್ತ ಸರಿದು ಇಡೀ ಲೆಕ್ಕ ಸೊಟ್ಟಗಾಗುತ್ತದೆ.

ನಡುವೆ ಒಂದು ಮಾತು. ಗೆರೆಯ ತುದಿ ಮಧ್ಯಾಹ್ನ ಹನ್ನೆರಡೂವರೆಯ ಹತ್ತಿರ ಇರದೆ ಮೂರು ಗಂಟೆಯ ಆಸುಪಾಸು ಕಂಡರೆ ಪ್ಯಾನೆಲ್ ದಿಕ್ಕು ತಪ್ಪಿದೆ ಎಂದು ಗಾಬರಿಯಾಗಬೇಡಿ. ಆ್ಯಪ್‌ನಲ್ಲಿ ಸ್ಥಳದ ಕಾಲಮಾನ ಚೀನಾದ್ದೇ ಉಳಿದುಕೊಂಡಿರಬಹುದು. ಅದು ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿಯ ಮಧ್ಯರಾತ್ರಿ ಎಂದರೆ ನಮ್ಮ ರಾತ್ರಿ ಒಂಬತ್ತೂವರೆ, ಬಿಸಿಲು ಮುಗಿದ ಮೇಲೆ. ಹಾಗಾಗಿ ದಿನದ ಮೊತ್ತ ಕೆಡುವುದಿಲ್ಲ, ಗೆರೆ ಮಾತ್ರ ಸರಿದಿರುತ್ತದೆ.

ಈಗ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ಬೆಂಗಳೂರಿನ ಮನೆ, 550 ವ್ಯಾಟ್‌ನ ಆರು ಪ್ಯಾನೆಲ್, ಅಂದರೆ 3.3 ಕಿಲೋವ್ಯಾಟ್. 3 ಕಿಲೋವ್ಯಾಟ್ ಇನ್ವರ್ಟರ್, ನೆಟ್ ಮೀಟರಿಂಗ್. ಒಂದು ಬಿಲ್ ಅವಧಿ ಸೆಪ್ಟೆಂಬರ್ 5ರಿಂದ ಅಕ್ಟೋಬರ್ 5. ಮೊದಲ ಸ್ಕ್ರೀನ್‌ಶಾಟ್‌ನಲ್ಲಿ ಒಟ್ಟು 1862.4, ಎರಡನೆಯದರಲ್ಲಿ 2191.9. ವ್ಯತ್ಯಾಸ 329.5 ಯುನಿಟ್. ಇದೇ ಅವಧಿಯ ದಿನದ ಕಂಬಗಳನ್ನು ಕೂಡಿಸಿದರೆ 291 ಮಾತ್ರ ಬಂತು. ವೈಫೈ ಇಲ್ಲದ ನಾಲ್ಕು ದಿನ ನುಂಗಿದ್ದು 38.5 ಯುನಿಟ್.

329.5 ಕೂಡ ಅಂತಿಮ ಅಂಕಿಯಲ್ಲ. ಇನ್ವರ್ಟರ್‌ನ ಒಳಗಿನ ಅಳತೆ ಮೀಟರ್‌ನಷ್ಟು ಕರಾರುವಾಕ್ಕಾಗಿರುವುದಿಲ್ಲ, ಶೇಕಡ ಎರಡು ಮೂರು ಹೆಚ್ಚು ತೋರಿಸುವುದು ಸಾಮಾನ್ಯ. ನಿಮ್ಮ ಮೀಟರ್ ಬೋರ್ಡಿನಲ್ಲಿ ಸೋಲಾರ್ ಉತ್ಪಾದನೆಗೆಂದೇ ಒಂದು ಮೀಟರ್ ಇದ್ದರೆ ಅದೇ ಪ್ರಮಾಣ. ಈ ಮನೆಯಲ್ಲಿ ಆ ಮೀಟರ್ 321 ಯುನಿಟ್ ಓಡಿತ್ತು. 321ನ್ನು 329.5ರಿಂದ ಭಾಗಿಸಿದರೆ 0.974. ಇನ್ನು ಮುಂದೆ ಆ್ಯಪ್‌ನ ಅಂಕಿಯನ್ನು ಇದರಿಂದ ಗುಣಿಸಿದರಾಯಿತು.

ಇನ್ನು ಬಿಲ್. ನೆಟ್ ಮೀಟರ್ ಬಿಲ್‌ನಲ್ಲಿ ಲೈನಿನಿಂದ ಮನೆಗೆ ಬಂದದ್ದು ಇಂಪೋರ್ಟ್, ಮನೆಯಿಂದ ಲೈನಿಗೆ ಹೋದದ್ದು ಎಕ್ಸ್‌ಪೋರ್ಟ್ ಎಂದು ಎರಡು ಬೇರೆ ಬೇರೆ ರೀಡಿಂಗ್ ಇರುತ್ತವೆ, ಇವುಗಳ ವ್ಯತ್ಯಾಸವೇ ನೆಟ್. ಈ ಬಿಲ್‌ನಲ್ಲಿ ಇಂಪೋರ್ಟ್ 212, ಎಕ್ಸ್‌ಪೋರ್ಟ್ 196, ನೆಟ್ 16. ಹಗಲು ಪ್ಯಾನೆಲ್‌ನಿಂದ ನೇರವಾಗಿ ಫ್ರಿಜ್‌ಗೂ ಪಂಪ್‌ಗೂ ಹೋದ ಕರೆಂಟು ಈ ಮೀಟರ್ ಮೂಲಕ ಹಾಯುವುದೇ ಇಲ್ಲ, ಆದ್ದರಿಂದ ಬಿಲ್‌ನಲ್ಲಿ ಅದರ ಸುಳಿವೂ ಇಲ್ಲ. ಅದನ್ನು ಕಂಡುಹಿಡಿಯಲಿಕ್ಕೇ ಆ್ಯಪ್ ಬೇಕು:

```
ನೇರ ಬಳಕೆ = ಉತ್ಪಾದನೆ − ಎಕ್ಸ್‌ಪೋರ್ಟ್ = 321 − 196 = 125
ಒಟ್ಟು ಬಳಕೆ = ಇಂಪೋರ್ಟ್ + ನೇರ ಬಳಕೆ = 212 + 125 = 337
```

ನೇರ ಬಳಕೆ ಋಣಾತ್ಮಕವಾಗಿ ಬಂದರೆ ತಾರೀಖು ಹೊಂದಿಲ್ಲ ಅಥವಾ ಇಂಪೋರ್ಟ್ ಎಕ್ಸ್‌ಪೋರ್ಟ್ ಅದಲುಬದಲಾಗಿದೆ ಎಂದೇ ಅರ್ಥ. ಎಕ್ಸ್‌ಪೋರ್ಟ್ ಎಂದೂ ಉತ್ಪಾದನೆಯನ್ನು ಮೀರಲಾರದು.

ಸೋಲಾರ್ ಇಲ್ಲದಿದ್ದರೆ ಈ ಮನೆ 337 ಯುನಿಟ್‌ಗೆ ಹಣ ಕಟ್ಟಬೇಕಿತ್ತು. ಯುನಿಟ್ ಬೆಲೆ ಎಷ್ಟು? 2025-26ರ ದರದಲ್ಲಿ ಮನೆಬಳಕೆಗೆ ಯುನಿಟ್‌ಗೆ 5 ರೂಪಾಯಿ 80 ಪೈಸೆ, ಪಿಂಚಣಿ ಮತ್ತು ಗ್ರಾಚುಟಿ ಸರ್‌ಚಾರ್ಜ್ 36 ಪೈಸೆ, ವಿದ್ಯುತ್ ಶುಲ್ಕದ ಮೇಲೆ ಶೇಕಡ 9 ತೆರಿಗೆ, ಅಂದರೆ ಸುಮಾರು 52 ಪೈಸೆ. ಸೇರಿ 6 ರೂಪಾಯಿ 68 ಪೈಸೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳು ತಿಂಗಳೂ ಬದಲಾಗುವುದರಿಂದ ಇಲ್ಲಿ ಬಿಟ್ಟಿದ್ದೇವೆ, ನಿಮ್ಮ ಬಿಲ್‌ನಲ್ಲಿದ್ದಷ್ಟನ್ನು ಸೇರಿಸಿಕೊಳ್ಳಿ. ಮಂಜೂರಾದ ಲೋಡ್‌ನ ಮೇಲೆ ಬರುವ ನಿಗದಿತ ಶುಲ್ಕವನ್ನು ಇದರಲ್ಲಿ ಸೇರಿಸಲೇಬಾರದು. ಲೋಡ್ ಬದಲಾಗದಿದ್ದರೆ ಅದು ಸೋಲಾರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬಿಲ್ ಮೊತ್ತವನ್ನು ಯುನಿಟ್‌ನಿಂದ ಭಾಗಿಸಿ "ನಮಗೆ ಯುನಿಟ್‌ಗೆ ಎಂಟು ರೂಪಾಯಿ ಬೀಳುತ್ತಿದೆ" ಎನ್ನುವವರು ಜಾರುವುದು ಇಲ್ಲೇ.

ಈಗ ಲೆಕ್ಕ: 337 ಯುನಿಟ್‌ಗೆ 2251 ರೂಪಾಯಿ, 16 ಯುನಿಟ್‌ಗೆ 107 ರೂಪಾಯಿ, ಉಳಿತಾಯ 2144. ನೆಟ್ ಸೊನ್ನೆಗಿಂತ ಮೇಲೆ ಇರುವವರೆಗೂ ಉತ್ಪಾದನೆಯಾದ ಪ್ರತಿ ಯುನಿಟ್‌ಗೂ ಪೂರ್ತಿ 6.68 ಸಿಗುತ್ತದೆ, ಹಗಲಲ್ಲೇ ಬಳಸಿದಿರೋ ಲೈನಿಗೆ ಬಿಟ್ಟು ರಾತ್ರಿ ವಾಪಸ್ ಪಡೆದಿರೋ ವ್ಯತ್ಯಾಸವಿಲ್ಲ. ವಾಷಿಂಗ್ ಮೆಷಿನ್ ಮಧ್ಯಾಹ್ನವೇ ಓಡಿಸಿ ಎಂಬ ಉಪದೇಶಕ್ಕೆ ಇಂಥ ಬಿಲ್‌ನಲ್ಲಿ ಬೆಲೆಯಿಲ್ಲ.

ಒಂದೇ ಷರತ್ತು: ಬಿಲ್‌ನ ಎಲ್ಲ ಸಾಲುಗಳೂ ನೆಟ್ ಯುನಿಟ್ ಮೇಲೆ ಹಾಕಿದವಾಗಿರಬೇಕು. ಇದನ್ನು ಪರೀಕ್ಷಿಸುವುದು ಬಹಳ ಸುಲಭ. ಪಿಂಚಣಿ ಸರ್‌ಚಾರ್ಜ್ ಸಾಲಿನಲ್ಲಿ 5 ರೂಪಾಯಿ 76 ಪೈಸೆ ಇದ್ದರೆ ಅದು 16 ಗುಣಿಸು 0.36, ನೆಟ್ ಮೇಲೆ ಹಾಕಿದ್ದು. 76 ರೂಪಾಯಿ 32 ಪೈಸೆ ಇದ್ದರೆ ಅದು 212 ಗುಣಿಸು 0.36, ಇಂಪೋರ್ಟ್ ಮೇಲೆ ಹಾಕಿದ್ದು. ಎರಡನೆಯದಾದರೆ ಈ ತಿಂಗಳ ಉಳಿತಾಯ ಸುಮಾರು 70 ರೂಪಾಯಿ ಕಡಿಮೆ, ಮತ್ತು ಮಧ್ಯಾಹ್ನದ ವಾಷಿಂಗ್ ಮೆಷಿನ್‌ಗೆ ಅಷ್ಟರಮಟ್ಟಿಗೆ ಬೆಲೆ ಬರುತ್ತದೆ. ತೆರಿಗೆ, ಇಂಧನ ಹೊಂದಾಣಿಕೆ ಸಾಲುಗಳನ್ನೂ ಹೀಗೇ ಭಾಗಿಸಿ ನೋಡಿ. ಬಿಲ್ ಹೇಗೆ ಹಾಕುತ್ತಾರೆಂದು ಕಚೇರಿಯಲ್ಲಿ ವಿಚಾರಿಸುವುದಕ್ಕಿಂತ ಬಿಲ್ಲನ್ನೇ ವಿಚಾರಿಸುವುದು ಬೇಗ ಆಗುತ್ತದೆ.

ಮಾರ್ಚ್‌ಗೆ ಬನ್ನಿ, ಚಿತ್ರ ಬದಲಾಗುತ್ತದೆ. ಉತ್ಪಾದನೆ 430, ಇಂಪೋರ್ಟ್ 170, ಎಕ್ಸ್‌ಪೋರ್ಟ್ 290. ಒಟ್ಟು ಬಳಕೆ 310. ಮನೆಗೆ ಬೇಕಾದದ್ದಕ್ಕಿಂತ 120 ಯುನಿಟ್ ಹೆಚ್ಚು ಹೋಗಿದೆ. ಈ 120ಕ್ಕೆ 6.68 ಸಿಗುವುದಿಲ್ಲ, ನೀವು ಸಹಿ ಹಾಕಿದ ಒಪ್ಪಂದದಲ್ಲಿ ಬರೆದಿರುವ ಖರೀದಿ ದರ ಸಿಗುತ್ತದೆ. ಸಬ್ಸಿಡಿ ಪಡೆದವರಿಗೆ, ಪಡೆಯದವರಿಗೆ, ಒಪ್ಪಂದದ ವರ್ಷಕ್ಕೆ ತಕ್ಕಂತೆ ಇದು ಬೇರೆ ಬೇರೆ. ಕಾಗದ ತೆಗೆದು ನೋಡಿ. ಇಲ್ಲಿ ಲೆಕ್ಕಕ್ಕೆ ಎರಡೂವರೆ ರೂಪಾಯಿ ಎಂದಿಟ್ಟುಕೊಳ್ಳೋಣ. 310 ಯುನಿಟ್‌ಗೆ ಕಟ್ಟಬೇಕಿದ್ದ 2071 ಉಳಿಯಿತು, ಮೇಲೆ 300 ಜಮಾ ಆಯಿತು. ಒಟ್ಟು 2371. ಆ್ಯಪ್ ಇದೇ ತಿಂಗಳಿಗೆ ಎಂಟು ರೂಪಾಯಿಯಂತೆ 3440 ಎಂದು ತೋರಿಸುತ್ತಿರುತ್ತದೆ. ಸೆಪ್ಟೆಂಬರ್‌ಗಿಂತ 109 ಯುನಿಟ್ ಹೆಚ್ಚು ಬಂದರೂ ಹೆಚ್ಚಿಗೆ ಉಳಿದದ್ದು 227 ರೂಪಾಯಿ ಮಾತ್ರ. ಮುಂಬಯಿ, ಸೊಲ್ಲಾಪುರ ಕಡೆಯ ನಮ್ಮವರಿಗೆ ಈ ಭಾಗ ಬೇರೆ ರೀತಿ, ಮಹಾರಾಷ್ಟ್ರದಲ್ಲಿ ಹೆಚ್ಚಾದ ಯುನಿಟ್‌ಗಳೇ ಮುಂದಿನ ತಿಂಗಳಿಗೆ ಸಾಗಿ ಮಾರ್ಚ್ ಕೊನೆಗೆ ಲೆಕ್ಕ ಮುಗಿಯುತ್ತದೆ.

ಹೀಗೆ ನಾಲ್ಕು ತಿಂಗಳ ಲೆಕ್ಕ ಸಿಕ್ಕಿತು. ಇದನ್ನು ಮೂರರಿಂದ ಗುಣಿಸಿ ವರ್ಷ ಮಾಡಬಹುದೇ? ಬೇಡ. ಜುಲೈಯಿಂದ ಅಕ್ಟೋಬರ್‌ವರೆಗೆ ಈ ಮನೆಯಲ್ಲಿ ಬಂದದ್ದು 1305 ಯುನಿಟ್. ಮೂರರಿಂದ ಗುಣಿಸಿದರೆ 3915. ಅದೇ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಮೂರು ತಿಂಗಳನ್ನು ಹಿಡಿದು ನಾಲ್ಕರಿಂದ ಗುಣಿಸಿದರೆ ಐದು ಸಾವಿರ ದಾಟುತ್ತದೆ. ಒಂದೇ ತಾರಸಿಗೆ ಎರಡು ಉತ್ತರ. ಮುಂಗಾರಿನ ಮೋಡ ಒಂದರಲ್ಲಿ ತುಂಬಿದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ.

ಇದಕ್ಕೆ ಗ್ಲೋಬಲ್ ಸೋಲಾರ್ ಅಟ್ಲಾಸ್ ಎಂಬ ಉಚಿತ ತಾಣ ಸಹಾಯಕ್ಕೆ ಬರುತ್ತದೆ. ನಕ್ಷೆಯಲ್ಲಿ ನಿಮ್ಮ ಮನೆಯ ಜಾಗ ಒತ್ತಿ, ಸಣ್ಣ ಮನೆ ವ್ಯವಸ್ಥೆ ಆರಿಸಿ, 3.3 ಕಿಲೋವ್ಯಾಟ್ ಕೊಟ್ಟು ಪ್ಯಾನೆಲ್‌ನ ದಿಕ್ಕು, ಓರೆ ತುಂಬಿದರೆ ತಿಂಗಳುವಾರು ಉತ್ಪಾದನೆಯ ದೀರ್ಘಾವಧಿ ಸರಾಸರಿ ಸಿಗುತ್ತದೆ. ಆ ಅಂಕಿಯನ್ನು ಹಾಗೇ ತೆಗೆದುಕೊಳ್ಳಬೇಡಿ, ಪಕ್ಕದ ಮನೆಯ ನೀರಿನ ಟ್ಯಾಂಕ್ ನೆರಳು ಅದಕ್ಕೆ ಗೊತ್ತಿಲ್ಲ. ಅದರಿಂದ ನಮಗೆ ಬೇಕಾದದ್ದು ತಿಂಗಳುಗಳ ನಡುವಿನ ಪ್ರಮಾಣ ಮಾತ್ರ. ಈ ಮನೆಗೆ ಅಲ್ಲಿ ಆ ನಾಲ್ಕು ತಿಂಗಳಿಗೆ 1450, ವರ್ಷಕ್ಕೆ 5000 ಎಂದು ಬಂತೆನ್ನಿ. ನಿಜವಾಗಿ ಬಂದದ್ದು 1305. 1305 ಭಾಗಿಸು 1450 ಎಂದರೆ 0.90. ವರ್ಷದ ಅಂದಾಜು 5000ದ 0.90, ಅಂದರೆ 4500 ಯುನಿಟ್. ಕಿಲೋವ್ಯಾಟ್‌ಗೆ ವರ್ಷಕ್ಕೆ ಸುಮಾರು 1360, ಬೆಂಗಳೂರಿಗೆ ನಂಬಬಹುದಾದ ಅಂಕಿ. ಮಳೆ ಜೋರಾದ ವರ್ಷ, ಸಡಿಲಾದ ವರ್ಷ ಎಂದು ಶೇಕಡ ಐದಾರು ಆಚೀಚೆ ಆಗುವುದನ್ನು ಯಾವ ಲೆಕ್ಕವೂ ತಪ್ಪಿಸಲಾರದು.

ಈ 0.90 ಎನ್ನುವುದು ಇನ್ನೊಂದು ಕೆಲಸಕ್ಕೂ ಬರುತ್ತದೆ. ಅದು 0.80ಕ್ಕಿಂತ ಕೆಳಗೆ ಬಂದರೆ ದುಡ್ಡಿನ ಲೆಕ್ಕ ಅಲ್ಲಿಗೇ ನಿಲ್ಲಿಸಿ ದಿನದ ಗೆರೆಗಳನ್ನು ನೋಡಿ, ಆಗ ನಿಮ್ಮ ಹಳೆಯ ಸ್ಕ್ರೀನ್‌ಶಾಟ್‌ಗಳಿಗೆ ಬೆಲೆ ಬರುತ್ತದೆ. ಮೋಡವಿಲ್ಲದ ದಿನಗಳ ನಾಲ್ಕೈದು ಗೆರೆಗಳನ್ನು ಪಕ್ಕಪಕ್ಕ ಇಡಿ. ಪ್ರತಿ ದಿನವೂ ಒಂದೇ ಹೊತ್ತಿಗೆ ಕಚ್ಚಿ ತೆಗೆದಂತೆ ತಗ್ಗು ಇದ್ದರೆ ನೆರಳು. ಎರಡು ವಾರದಿಂದ ಗೆರೆಯ ತುದಿ ನಿಧಾನವಾಗಿ ಕುಗ್ಗುತ್ತಾ ಬಂದು ಮಳೆಯ ಮರುದಿನ ಮೇಲಕ್ಕೆದ್ದರೆ ಧೂಳು. ತುದಿ ಮಟ್ಟಸವಾಗಿ ಕತ್ತರಿಸಿದಂತಿದ್ದರೆ ಇನ್ವರ್ಟರ್ ತನ್ನ 3 ಕಿಲೋವ್ಯಾಟ್ ಮಿತಿ ಮುಟ್ಟಿದೆ, ಅದರಲ್ಲಿ ಹೋಗುವುದು ಅಲ್ಪ.

ನಿಜವಾದ ನಷ್ಟ ಇರುವುದು ಗೆರೆ ಒಮ್ಮೆಲೇ ಸೊನ್ನೆಗೆ ಬಿದ್ದು ಮತ್ತೆ ಏರುವ ಕಡೆ. ಕರೆಂಟು ಹೋದರೆ ಬ್ಯಾಟರಿಯಿಲ್ಲದ ಇನ್ವರ್ಟರ್ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ, ಅದು ಸರಿ. ಆದರೆ ಮನೆಯಲ್ಲಿ ಕರೆಂಟು ಇದ್ದೂ ಹನ್ನೊಂದರಿಂದ ಎರಡರ ನಡುವೆ ಹಲವು ಸಲ ಬೀಳುತ್ತಿದ್ದರೆ ಆ್ಯಪ್‌ನ ಅಲಾರಂ ಪುಟ ತೆರೆಯಿರಿ, ಅಲ್ಲಿ ಗ್ರಿಡ್ ವೋಲ್ಟೇಜ್ ಹೆಚ್ಚಾಯಿತು ಎಂಬ ಸಾಲುಗಳಿರುತ್ತವೆ. ಬೀದಿಯ ಹಲವು ಮನೆಗಳು ಒಟ್ಟಿಗೆ ಲೈನಿಗೆ ಕರೆಂಟು ತಳ್ಳುವಾಗ, ಅಥವಾ ಮನೆಯ ಕೇಬಲ್ ಸಣ್ಣದಾಗಿ ಉದ್ದವಾಗಿದ್ದಾಗ ಇನ್ವರ್ಟರ್ ಬಾಯಲ್ಲಿ ವೋಲ್ಟೇಜ್ ಏರುತ್ತದೆ. ಮಧ್ಯಾಹ್ನ ಎರಡು ಗಂಟೆ ಹೀಗೆ ಹೋದರೆ ದಿನಕ್ಕೆ ನಾಲ್ಕು ಯುನಿಟ್ ಮೇಲೆ ಹೋಯಿತು, ತಿಂಗಳಿಗೆ 120. ಅಲಾರಂ ಪುಟದ ಸ್ಕ್ರೀನ್‌ಶಾಟ್ ಜೊತೆಗಿಟ್ಟು ವೋಲ್ಟೇಜ್ ಬಗ್ಗೆ ದೂರು ಕೊಡಿ. ಕೇಬಲ್ ದಪ್ಪ ಅಳೆಯಲು ಪ್ಯಾನೆಲ್ ಹಾಕಿದವರನ್ನು ಕರೆಯಿರಿ.

ಈಗ ವರ್ಷದ ದುಡ್ಡು. ಉತ್ಪಾದನೆ 4500, ಬಳಕೆ 3900. ತಿಂಗಳು ತಿಂಗಳಾಗಿ ಹಾಕಿದಾಗ ಹೆಚ್ಚಾದ ತಿಂಗಳುಗಳಲ್ಲಿ ಸೇರಿ 700 ಯುನಿಟ್ ಮಿಕ್ಕಿತು, ಕೊರತೆಯ ತಿಂಗಳುಗಳಲ್ಲಿ 100 ಕಡಿಮೆಬಿತ್ತು ಎನ್ನೋಣ. ಪೂರ್ತಿ ಬೆಲೆ ಸಿಕ್ಕ ಯುನಿಟ್ 3800, ಅದಕ್ಕೆ 25,384 ರೂಪಾಯಿ. ಮಿಕ್ಕ 700ಕ್ಕೆ 1750. ಒಟ್ಟು 27,134. ಆ 700 ಯುನಿಟ್ ಹೆಚ್ಚುಕಡಿಮೆ ಒಂದು ಪ್ಯಾನೆಲ್‌ನ ವರ್ಷದ ದುಡಿಮೆ. ಆರನೆಯ ಪ್ಯಾನೆಲ್ ಈ ಮನೆಯಲ್ಲಿ ಎರಡೂವರೆ ರೂಪಾಯಿ ಕೂಲಿಗೆ ದುಡಿಯುತ್ತಿದೆ.

ಇದರಿಂದ ಕಳೆಯಬೇಕಾದದ್ದು ಎರಡು. ಸೋಲಾರ್‌ಗಾಗಿ ಮಂಜೂರಾದ ಲೋಡನ್ನು 2ರಿಂದ 3 ಕಿಲೋವ್ಯಾಟ್‌ಗೆ ಏರಿಸಿದ್ದರೆ 2025-26ರ ದರದಲ್ಲಿ ತಿಂಗಳಿಗೆ 145ರಂತೆ ವರ್ಷಕ್ಕೆ 1740 ನಿಗದಿತ ಶುಲ್ಕ ಹೆಚ್ಚಿಗೆ ಹೋಗುತ್ತದೆ, ಇದನ್ನು ಬಹುತೇಕರು ಮರೆಯುತ್ತಾರೆ. ಇನ್ವರ್ಟರ್ ಪ್ಯಾನೆಲ್‌ಗಳಷ್ಟು ವರ್ಷ ಬಾಳುವುದಿಲ್ಲ, ಅದಕ್ಕೂ ಸಣ್ಣಪುಟ್ಟ ರಿಪೇರಿಗೂ ವರ್ಷಕ್ಕೆ 2500 ಎತ್ತಿಡಿ. ಉಳಿದದ್ದು 22,894.

ಹಾಕಿದ ದುಡ್ಡು: ವ್ಯವಸ್ಥೆಗೆ 1,95,000, ಮೀಟರ್, ಅರ್ಜಿ, ಅರ್ಥಿಂಗ್ ಎಂದು ಇನ್ನೂ 6000, ಪಿಎಂ ಸೂರ್ಯಘರ್ ಸಬ್ಸಿಡಿ 78,000 ವಾಪಸ್. ಕೈಯಿಂದ ಹೋದದ್ದು 1,23,000. ಭಾಗಿಸಿದರೆ 5.4, ಅಂದರೆ ಐದು ವರ್ಷ ನಾಲ್ಕೈದು ತಿಂಗಳು. ಆ್ಯಪ್ ಲೆಕ್ಕದಲ್ಲಿ ವರ್ಷಕ್ಕೆ 36,000, ಸಬ್ಸಿಡಿ ಕಳೆದ ಕೊಟೇಶನ್‌ನ 1,17,000ಕ್ಕೆ ಮೂರು ವರ್ಷ ಮೂರು ತಿಂಗಳು. ಪ್ಯಾನೆಲ್ ವರ್ಷಕ್ಕೆ ಶೇಕಡ ಅರ್ಧದಿಂದ ಮುಕ್ಕಾಲರಷ್ಟು ಸೊರಗುತ್ತದೆ, ಅದು ಒಂದೆರಡು ತಿಂಗಳು ಸೇರಿಸೀತು, ಹೆಚ್ಚಲ್ಲ. ಸಾಲ ಮಾಡಿದ್ದರೆ ಮಾತ್ರ ಲೆಕ್ಕ ಗಟ್ಟಿಯಾಗಿ ಬದಲಾಗುತ್ತದೆ. ಶೇಕಡ 7ರ ಬಡ್ಡಿಗೆ ತಂದ 1,23,000ಕ್ಕೆ ಪ್ರತಿ ವರ್ಷ ಈ 22,894ನ್ನೇ ಕಟ್ಟುತ್ತಾ ಹೋದರೆ ಸಾಲ ತೀರಲು ಸುಮಾರು ಏಳು ವರ್ಷ ಬೇಕು.

ಕರೆಂಟು ದರ ವರ್ಷವರ್ಷ ಏರುವುದರಿಂದ ಇನ್ನೂ ಬೇಗ ಬರುತ್ತದಲ್ಲ ಎಂದು ಕೇಳುತ್ತಾರೆ. ಮಾರಾಟಗಾರರ ಹಾಳೆಯಲ್ಲಿ ವರ್ಷಕ್ಕೆ ಶೇಕಡ ಐದು ಏರಿಕೆ ಎಂದು ಹಾಕಿರುತ್ತಾರೆ. ನಮ್ಮಲ್ಲಿ ಆದದ್ದೇನು? 2024-25ರಲ್ಲಿ ಯುನಿಟ್‌ಗೆ 5.90 ಇದ್ದದ್ದು 2025-26ರಲ್ಲಿ 5.80ಕ್ಕೆ ಇಳಿಯಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ಇದ್ದದ್ದು 145ಕ್ಕೆ ಏರಿತು, 36 ಪೈಸೆ ಸರ್‌ಚಾರ್ಜ್ ಬೇರೆ ಬಂತು. ಬಿಲ್ ಹೆಚ್ಚಾಗಿದೆ ನಿಜ, ಆದರೆ ಹೆಚ್ಚಳದ ಒಂದು ಪಾಲು ಸೋಲಾರ್ ಮುಟ್ಟಲಾಗದ ಕಡೆ ಕೂತಿದೆ. ಹಾಗಾಗಿ ದರ ಏರಿಕೆಯನ್ನು ಸೊನ್ನೆ ಎಂದೇ ಹಿಡಿಯುವುದು ನಮ್ಮ ಸಲಹೆ.

ಗೃಹಜ್ಯೋತಿಯವರಿಗೆ ಬೇರೆ ಮಾತು. 200 ಯುನಿಟ್‌ನೊಳಗೆ ತಮಗೆ ನಿಗದಿಯಾದ ಮಿತಿಯಲ್ಲೇ ಬಳಸಿ ಸೊನ್ನೆ ಬಿಲ್ ಪಡೆಯುತ್ತಿದ್ದ ಮನೆಗೆ ಸೋಲಾರ್ ಇಲ್ಲದಿದ್ದರೆ ಬರುತ್ತಿದ್ದ ಬಿಲ್ ಎಷ್ಟು? ಸೊನ್ನೆಯೇ. ಅದರಿಂದ ಕಳೆಯಲು ಏನೂ ಇಲ್ಲ. ಉಳಿಯುವುದು ಮಿಕ್ಕ ಯುನಿಟ್‌ನ ಜಮಾ ಮಾತ್ರ. ಅಂಥ ಮನೆಗೆ ಆ್ಯಪ್ ಎಷ್ಟೇ ತೋರಿಸಲಿ, ಯೋಜನೆ ಇರುವವರೆಗೆ ಹಾಕಿದ ದುಡ್ಡು ವಾಪಸಾಗುವುದು ಬಹಳ ನಿಧಾನ.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ನಾವು ಬಿಲ್ ದಿನದ ಸ್ಕ್ರೀನ್‌ಶಾಟ್ ತೆಗೆದೇ ಇಲ್ಲ, ಬರೀ ಅಲ್ಲೊಂದು ಇಲ್ಲೊಂದು ದಿನದ್ದಿದೆ. ಈಗೇನು ಮಾಡೋದು?" ಹಾಗಿದ್ದರೆ ಇವತ್ತಿನ ಒಟ್ಟು ಅಂಕಿ ತೆಗೆಯಿರಿ, ನೆಟ್ ಮೀಟರ್ ಕೂರಿಸಿದ ದಿನದ ವರದಿಯಲ್ಲಿ ಬರೆದ ಶುರುವಿನ ರೀಡಿಂಗ್‌ಗಳನ್ನು ಹುಡುಕಿ. ಅಂದಿನಿಂದ ಇತ್ತೀಚಿನ ಬಿಲ್‌ವರೆಗಿನ ಇಡೀ ಅವಧಿಯನ್ನು ಒಂದೇ ದೊಡ್ಡ ಬಿಲ್ ಎಂಬಂತೆ ಹಾಕಿದರೆ ಒಟ್ಟು ಬಳಕೆ ಸಿಗುತ್ತದೆ. ತಿಂಗಳುವಾರು ಮಿಕ್ಕದ್ದೆಷ್ಟು ಎಂಬುದು ಬಿಲ್‌ಗಳ ನೆಟ್ ಸಾಲಿನಲ್ಲೇ ಇದೆ. ಒಂದು ಎಚ್ಚರ: ನೆಟ್ ಮೀಟರ್ ಬರುವ ಮುಂಚೆಯೇ ಪರೀಕ್ಷೆಗೆಂದು ಇನ್ವರ್ಟರ್ ಓಡಿಸಿದ್ದರೆ ಆ ಯುನಿಟ್‌ಗಳೂ ಆ್ಯಪ್‌ನ ಒಟ್ಟು ಅಂಕಿಯಲ್ಲಿ ಸೇರಿವೆ, ಅವನ್ನು ಕಳೆಯಬೇಕು. ಹಳೆಯ ಮೀಟರ್‌ಗಳಲ್ಲಿ ಎಷ್ಟೋ ಮೀಟರ್‌ಗಳು ಹೊರಗೆ ಹೋದ ಕರೆಂಟನ್ನೂ ಒಳಗೆ ಬಂದದ್ದೆಂದೇ ಎಣಿಸುತ್ತವೆ, ಹಾಗಾಗಿ ಆ ತಿಂಗಳ ಬಿಲ್ ಏರಿದ್ದರೆ ಆ ಹೆಚ್ಚಳವನ್ನೂ ಹಾಕಿದ ದುಡ್ಡಿನ ಖಾತೆಗೇ ಸೇರಿಸಿ.